ಜಾಹೀರಾತಿನ ‘ಕಾಂಪ್ಯಾಕ್ಟ್’ ಮನೆ: ಬಳ್ಳಾರಿಗೆ ಹೊಸದಾಗಿ ಬಂದವರು ನೋಡಬೇಕಾದ್ದು

ಬಳ್ಳಾರಿಗೆ ವರ್ಗವಾಗಿ ಬಂದ ಕುಟುಂಬಗಳು ನಮ್ಮ ಸಂಘದವರನ್ನು ಮೊದಲು ಕೇಳುವುದೇ ಬಾಡಿಗೆ ಮನೆ. ಈಗ ಬಹಳಷ್ಟು ಮಂದಿ ಊರಿಗೆ ಬರುವ ಮೊದಲೇ ಫೋನಿನಲ್ಲಿ ಜಾಹೀರಾತು ನೋಡಿ, ಅಡ್ವಾನ್ಸ್ ಕಳಿಸಿ, ಸಾಮಾನು ತುಂಬಿಸಿಬಿಡುತ್ತಾರೆ. ಬಂದ ಮೇಲೆ ಮಂಚ ಒಳಗೆ ಹೋಗುವುದಿಲ್ಲ. ಜಾಹೀರಾತಿನಲ್ಲಿ ಸುಳ್ಳೇನೂ ಇರಲಿಲ್ಲ, ‘ಕಾಂಪ್ಯಾಕ್ಟ್’ ಅಂತ ಬರೆದೇ ಇತ್ತು. ಹಾಗಾಗಿ ಸಣ್ಣ ಮನೆಗೆ ಬಳಸುವ ಇಂಥ ಮಾತುಗಳನ್ನು ಹೇಗೆ ಓದಬೇಕು ಅಂತ ಇಲ್ಲಿ ಬರೆದಿದ್ದೇವೆ.

ಮನೆ ಸಣ್ಣದು ಅಂತ ನೇರವಾಗಿ ಯಾರೂ ಬರೆಯುವುದಿಲ್ಲ. ಕಾಂಪ್ಯಾಕ್ಟ್, ಕೋಝಿ, ಚಿಕ್ಕ–ಚೊಕ್ಕ, ಮಿನಿ 2 ಬಿಎಚ್‌ಕೆ, ಚಿಕ್ಕ ಕುಟುಂಬಕ್ಕೆ ಸೂಕ್ತ, ಹೀಗೆ ಬರೆಯುತ್ತಾರೆ. ‘ಇಕ್ಕಟ್ಟು’ ಅನ್ನುವ ಪದ ಮಾತ್ರ ಯಾವ ಬೋರ್ಡಿನಲ್ಲೂ ಕಾಣುವುದಿಲ್ಲ. ಅದು ಬಾಡಿಗೆದಾರರ ಬಾಯಿಂದಲೇ ಬರಬೇಕು. ಇಕ್ಕಟ್ಟಾದ ಮನೆಗೆ ‘ಕಿಷ್ಕಿಂಧೆ’ ಅನ್ನೋ ರೂಢಿ ಕನ್ನಡದಲ್ಲಿದೆ. ಆ ಕಿಷ್ಕಿಂಧೆ ಅಂತ ಜನ ನಂಬುವ ಆನೆಗೊಂದಿ ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ ಇದೆ. ಅಲ್ಲಿನ ಬಯಲು, ಬಂಡೆ, ಹೊಳೆ ನೋಡಿದರೆ ಈ ಹೆಸರು ಇಕ್ಕಟ್ಟಿಗೆ ಹೇಗೆ ಅಂಟಿತೋ ಅನ್ನಿಸುತ್ತದೆ.

ಇವುಗಳಲ್ಲಿ ಕಾಂಪ್ಯಾಕ್ಟ್ ಒಳ್ಳೆಯ ಪದವೇ. ಜಾಗ ಕಡಿಮೆ, ಆದರೆ ಇರುವ ಜಾಗವೆಲ್ಲ ಉಪಯೋಗಕ್ಕೆ ಬರುತ್ತದೆ ಅನ್ನುವುದು ಅದರ ಅರ್ಥ. ಅದು ನಿಜವೋ ಅಲ್ಲವೋ ಅಂತ ಲೆಕ್ಕ ಹಾಕಿದರೆ ಮಾತ್ರ ಗೊತ್ತಾಗುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ‘ಕಪ್ಪಗಲ್ ರಸ್ತೆ ಹತ್ತಿರ ಕಾಂಪ್ಯಾಕ್ಟ್ 2 ಬಿಎಚ್‌ಕೆ, ಮೊದಲ ಮಹಡಿ, 600 ಚದರಡಿ’ ಅಂತ ಜಾಹೀರಾತು ಇದೆ ಅಂದುಕೊಳ್ಳಿ. 600 ಅಂದ ಕೂಡಲೇ ನಿಮಗೆ 20×30ರ ಸೈಟು ನೆನಪಾಗಬೇಕು. ಅಂದರೆ ಅವರು ಹೇಳುತ್ತಿರುವುದು ಹೆಚ್ಚಾಗಿ ಸೈಟಿನ ಅಳತೆ, ನೀವು ಓಡಾಡುವ ನೆಲದ ಅಳತೆ ಅಲ್ಲ.

ಸೈಟಿನ ಅಂಚಿನವರೆಗೂ ಕಟ್ಟಿದ್ದಾರೆ ಅಂತಲೇ ಇಟ್ಟುಕೊಳ್ಳಿ. ಹೊರಗೋಡೆ 9 ಇಂಚು ದಪ್ಪ. ಎರಡೂ ಕಡೆ ಅದನ್ನು ಕಳೆದರೆ ಒಳಗೆ ಉಳಿಯುವುದು 18.5×28.5, ಸುಮಾರು 527 ಚದರಡಿ. ಮೆಟ್ಟಿಲಿಗೆ 70 ಚದರಡಿಯಷ್ಟು ಹೋಗುತ್ತದೆ. ಒಳಗೋಡೆಗಳಿಗೆ ಇನ್ನು 15ರಷ್ಟು. ಕೊನೆಗೆ ಕೈಗೆ ಸಿಗುವುದು ಸುಮಾರು 440 ಚದರಡಿ. ಹಾಲ್ 10×14, ಒಂದು ಕೋಣೆ 10×10, ಇನ್ನೊಂದು 8×9, ಅಡುಗೆಮನೆ 7×8, ಬಚ್ಚಲು 4×7. ಮಿಕ್ಕಿದ್ದು ಓಡಾಡುವ ದಾರಿ. ಅಷ್ಟೇ.

ಈ ಮನೆಯ ನಿಜವಾದ ಪರೀಕ್ಷೆ ಆ 8×9ರ ಕೋಣೆಯಲ್ಲಿದೆ. ಡಬಲ್ ಮಂಚ 6.5 ಅಡಿ ಉದ್ದ, 5 ಅಡಿ ಅಗಲ. ಅದನ್ನು ಗೋಡೆಗೆ ಒತ್ತಿ ಹಾಕಿದರೆ ಪಕ್ಕದಲ್ಲಿ 3 ಅಡಿ, ಕಾಲ ಕಡೆ 2.5 ಅಡಿ ಉಳಿಯುತ್ತದೆ. ಪಕ್ಕದಲ್ಲಿ ಒಂದೂವರೆ ಅಡಿ ಆಳದ ಬೀರು ಇಟ್ಟರೆ ಉಳಿದದ್ದು ಒಂದೂವರೆ ಅಡಿ. ಬೀರುವಿನ ಬಾಗಿಲೂ ಹೆಚ್ಚುಕಡಿಮೆ ಅಷ್ಟೇ ಅಗಲ, ಹಾಗಾಗಿ ತೆರೆದರೆ ಮಂಚಕ್ಕೆ ತಾಗುತ್ತದೆ. ಕೋಣೆಯ ಬಾಗಿಲು ಒಳಗೆ ತೆರೆಯುವಂಥದ್ದಾದರೆ ಕಾಲ ಕಡೆಯ ಜಾಗವೂ ಹೋಯಿತು. ಒಬ್ಬರು ನಿಂತರೆ ಇನ್ನೊಬ್ಬರು ಮಂಚ ಹತ್ತಿ ದಾಟಬೇಕು. ಇದು ಇಕ್ಕಟ್ಟು.

ಅದೇ ಕೋಣೆಯಲ್ಲಿ ಶಾಲೆಗೆ ಹೋಗುವ ಮಗುವಿಗೆ 3 ಅಡಿ ಅಗಲದ ಸಿಂಗಲ್ ಮಂಚ ಹಾಕಿ. ಪಕ್ಕದಲ್ಲಿ 5 ಅಡಿ ಉಳಿಯುತ್ತದೆ. ಬೀರು ಇಟ್ಟು, ಓದುವ ಮೇಜು ಹಾಕಿದರೂ ಓಡಾಡಬಹುದು. ಈಗ ಅದೇ ಕೋಣೆ ಕಾಂಪ್ಯಾಕ್ಟ್. ಆದ್ದರಿಂದ ಮನೆ ನೋಡುವ ಮೊದಲು ನಿಮ್ಮ ಮಂಚ, ಬೀರು, ಫ್ರಿಜ್ ಅಳೆದು ಬರೆದಿಟ್ಟುಕೊಳ್ಳಿ. ಎಲ್ಲ ಇಟ್ಟ ಮೇಲೆ ನಡೆಯುವ ದಾರಿ 2 ಅಡಿಯಾದರೂ ಉಳಿಯಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಎರಡು ಕೋಣೆ ಇದ್ದರೆ ಒಂದು 9.5 ಚದರ ಮೀಟರ್, ಇನ್ನೊಂದು 7.5 ಚದರ ಮೀಟರ್‌ಗಿಂತ ಸಣ್ಣದಿರಬಾರದು. 7.5 ಅಂದರೆ ಸುಮಾರು 81 ಚದರಡಿ. ನಮ್ಮ 8×9ರ ಕೋಣೆ 72. ಅಂಥದ್ದನ್ನು ಬೆಡ್‌ರೂಂ ಅಂತ ಎಣಿಸಿ ಬಾಡಿಗೆ ಕೇಳಿದರೆ ನೀವು ಚೌಕಾಸಿ ಮಾಡಲು ಅದೊಂದು ನ್ಯಾಯವಾದ ಕಾರಣ.

ದೂರದ ಊರಲ್ಲಿದ್ದು ಫೋಟೋ ಮಾತ್ರ ನೋಡುತ್ತಿದ್ದೀರಾ? ಮೂಲೆಯಲ್ಲಿ ನಿಂತು ತೆಗೆದ ಫೋಟೋದಲ್ಲಿ ಎಲ್ಲ ಕೋಣೆಯೂ ದೊಡ್ಡದಾಗಿಯೇ ಕಾಣುತ್ತದೆ. ಗೋಡೆ ನೋಡಬೇಡಿ, ನೆಲದ ಟೈಲ್ಸ್ ಎಣಿಸಿ. ಹೊಸ ಮನೆಗಳಲ್ಲಿ ಸಾಮಾನ್ಯವಾಗಿ 2 ಅಡಿ ಚೌಕದ ಟೈಲ್ಸ್ ಹಾಕಿರುತ್ತಾರೆ. ಗೋಡೆಯಿಂದ ಗೋಡೆಗೆ ನಾಲ್ಕು ಟೈಲ್ಸ್ ಅಂದರೆ 8 ಅಡಿ, ಐದು ಅಂದರೆ 10 ಅಡಿ. ಟೈಲ್ಸ್ ಎಷ್ಟು ಅಡಿಯದ್ದು ಅಂತ ಮಾಲೀಕರನ್ನು ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ಶಹಾಬಾದ್ ಕಲ್ಲಿನ ನೆಲವಾದರೆ ಈ ಲೆಕ್ಕ ನಡೆಯುವುದಿಲ್ಲ, ಕಲ್ಲಿನ ಅಳತೆ ಒಂದೊಂದು ಕಡೆ ಒಂದೊಂದು.

ಫೋನ್ ಮಾಡಿದಾಗ ‘ಮನೆ ಸಣ್ಣದಾ?’ ಅಂತ ಕೇಳಿದರೆ ಪ್ರಯೋಜನವಿಲ್ಲ. ‘ಸಣ್ಣದೈತ್ರಿ, ಆದ್ರ ಮೂರು ಮಂದಿಗೆ ಆರಾಮ ಆಗತೈತ್ರಿ’ ಅನ್ನುತ್ತಾರೆ, ಪ್ರೀತಿಯಿಂದಲೇ ಅನ್ನುತ್ತಾರೆ. ‘ಅಣ್ಣಾ, ಸಣ್ಣ ಕೋಣೆ ಗೋಡೆಯಿಂದ ಗೋಡೆಗೆ ಎಷ್ಟು ಅಡಿ ಐತ್ರಿ? ಒಂದ್ಸಲ ಟೇಪ್ ಹಿಡಿದು ಹೇಳ್ತೀರೇನ್ರಿ?’ ಅಂತ ಕೇಳಿ. ಇಲ್ಲಿ ಮಾತಿನ ಕೊನೆಗೆ ‘ರೀ’ ಇದ್ದರೆ ಮರ್ಯಾದೆ, ಕೆಲಸವೂ ಬೇಗ ಆಗುತ್ತದೆ.

ಇನ್ನು ಕೋಝಿ. ಈ ಪದದ ಬಗ್ಗೆ ನಮ್ಮ ಊರಲ್ಲಿ ಸ್ವಲ್ಪ ಜಾಸ್ತಿಯೇ ಹುಷಾರಾಗಿರಬೇಕು. ಸಣ್ಣದು, ಬೆಚ್ಚಗಿದೆ, ಕೂತರೆ ಏಳಲು ಮನಸ್ಸಾಗುವುದಿಲ್ಲ ಅನ್ನುವ ಭಾವ ಅದರದ್ದು. ಚಳಿ ದೇಶದಲ್ಲಿ ಅದು ಹೊಗಳಿಕೆ. ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಚ್ಚಗಿನ ಮನೆ ಯಾರಿಗೆ ಬೇಕು? ಕೋಝಿ ಅಂತ ಬರೆದಿದ್ದರೆ ಕೋಣೆಗೆ ಎಷ್ಟು ಕಿಟಕಿ, ಯಾವ ಗೋಡೆಗೆ, ಮೇಲೆ ಇನ್ನೊಂದು ಮಹಡಿ ಇದೆಯೋ ಅಥವಾ ನೇರ ತಾರಸಿಯೋ ಅಂತ ಕೇಳಿ. ತಾರಸಿ ಹಗಲೆಲ್ಲ ಕಾದು, ರಾತ್ರಿ ಆ ಕಾವನ್ನು ಕೆಳಗೆ ಬಿಡುತ್ತದೆ. ಕೋಣೆ ಸಣ್ಣದಿದ್ದಷ್ಟೂ ಅದು ಬೇಗ ಗೊತ್ತಾಗುತ್ತದೆ.

ಕೂಲರ್ ಇದೆಯಲ್ಲ ಅನ್ನಬೇಡಿ. ನೀರಿನ ಕೂಲರ್ ಹೊರಗಿನ ಒಣ ಗಾಳಿಯನ್ನು ಎಳೆದು, ಒದ್ದೆ ಮಾಡಿ ಒಳಗೆ ಬಿಡುತ್ತದೆ. ಆ ಗಾಳಿ ಇನ್ನೊಂದು ಕಡೆಯಿಂದ ಹೊರಗೆ ಹೋಗಲೇಬೇಕು. ಒಂದೇ ಕಿಟಕಿಯ ಕೋಣೆಯಲ್ಲಿ ಬಾಗಿಲು ಹಾಕಿ ಹಚ್ಚಿದರೆ ಸ್ವಲ್ಪ ಹೊತ್ತಿಗೇ ತೇವ ತುಂಬಿ, ಮೈ ಅಂಟುತ್ತದೆ, ತಂಪು ಇರುವುದಿಲ್ಲ. ಎದುರುಬದುರು ಗೋಡೆಗೆ ಕಿಟಕಿ ಇದ್ದರೆ 10×10ರ ಕೋಣೆಯೂ ಬೇಸಿಗೆ ತಡೆಯುತ್ತದೆ.

‘ಚಿಕ್ಕ ಕುಟುಂಬಕ್ಕೆ ಸೂಕ್ತ’ ಅಂದರೆ ಕೆಲವೊಮ್ಮೆ ಜಾಗದ ಮಾತು, ಕೆಲವೊಮ್ಮೆ ನೀರಿನ ಮಾತು. ಹಲವು ಬಡಾವಣೆಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಸಂಪು ಸಣ್ಣದಿದ್ದರೆ ನೀವೇ ಡ್ರಮ್ಮು, ಕೊಡ ತುಂಬಿಡಬೇಕು, ಅವೆಲ್ಲ ಬಂದು ಕೂರುವುದು ಅದೇ 7×8ರ ಅಡುಗೆಮನೆಯಲ್ಲಿ. ಸಂಪು ಎಷ್ಟು ಲೀಟರಿನದು, ಎಷ್ಟು ಮನೆಗೆ ಹಂಚಿಕೆ, ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಅಂತ ಮಾಲೀಕರನ್ನು ಕೇಳಿ, ಪಕ್ಕದ ಮನೆಯವರನ್ನೂ ಕೇಳಿ. ಮಾಳಿಗೆ ಮೇಲೆ ಬಟ್ಟೆ ಒಣಗಿಸಲು, ಬೇಸಿಗೆ ರಾತ್ರಿ ಮಲಗಲು ಬಿಡುತ್ತಾರಾ ಅನ್ನುವುದನ್ನೂ ಆಗಲೇ ಕೇಳಿಬಿಡಿ. ಬಿಡುತ್ತಾರೆ ಅಂದರೆ ಕರಾರು ಪತ್ರದಲ್ಲಿ ಬರೆಸಿಕೊಳ್ಳಿ.

ಇನ್ನೂ ಊರಿಗೆ ಬಂದಿಲ್ಲ, ಅಳೆದು ನೋಡುವವರು ಯಾರೂ ಇಲ್ಲ ಅಂದರೆ ಸಂಘಕ್ಕೆ ತಿಳಿಸಿ. ಮನೆ ವಿಳಾಸದ ಜೊತೆ ನಿಮ್ಮ ಮಂಚ, ಬೀರುವಿನ ಅಳತೆಯನ್ನೂ ಕಳಿಸಿ. ಅಡ್ವಾನ್ಸ್ ಕೊಡುವ ಮೊದಲೇ ಹೇಳಿದರೆ ಯಾರಾದರೂ ಟೇಪ್ ಹಿಡಿದು ಹೋಗಿ ಬರುತ್ತೇವೆ.