ಡಿಮ್ಯಾಂಡ್ ನೋಟಿಸ್ ಬಂತಾ? ಮೊದಲು ತಾರೀಕು ಬರೆದಿಡಿ

ಕಳೆದ ವರ್ಷ ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನನ್ನ ಮೇಜಿನ ಮೇಲೆ ಒಂದು ಕಾಗದ ಇಟ್ಟರು. ಆದಾಯ ತೆರಿಗೆ ಇಲಾಖೆ 5,33,200 ರೂಪಾಯಿ ಕಟ್ಟಲು ಹೇಳಿತ್ತು. "ಅಕ್ಕಾ, ತಿದ್ದುಪಡಿಗೆ ಬರೆದಾಯ್ತು. ಉತ್ತರ ಬಂದಮೇಲೆ ನೋಡ್ವನ ಹೇಳಿ ಕೂತಿದ್ದೆ" ಅಂದರು. ಆ ದಿನಕ್ಕೆ ಅಪೀಲಿನ ಗಡುವಿನಲ್ಲಿ ಉಳಿದಿದ್ದು ನಾಲ್ಕೇ ದಿನ. ತಿದ್ದುಪಡಿ, ಅಪೀಲು, ವಸೂಲಿಗೆ ತಡೆ ಮೂರೂ ಬೇರೆ ಬೇರೆ ಕೆಲಸ. ಒಂದು ಮಾಡಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಹಾಗಾಗಿ ಅವರ ಪ್ರಕರಣವನ್ನೇ ಇಟ್ಟುಕೊಂಡು ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ದುಂಡು ಮಾಡಿದ್ದೇನೆ, ಗುರುತು ಸಿಗುವ ವಿವರ ಬಿಟ್ಟಿದ್ದೇನೆ.

ಮೊದಲು: ನೋಟಿಸ್ ಅಸಲಿಯಾ, ತಾರೀಕು ಯಾವುದು

ಇಲಾಖೆಯ ಇ-ಫೈಲಿಂಗ್ ಜಾಲತಾಣದಲ್ಲಿ `Authenticate Notice/Order Issued by ITD` ಎಂಬ ಜಾಗ ಇದೆ. ಕಾಗದದ ಮೇಲಿನ ಡಿಐಎನ್, ಅಂದರೆ ದಾಖಲೆಯ ಗುರುತಿನ ನಂಬರ್ ಅಲ್ಲಿ ಹಾಕಿ ನೋಡಿ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿ ಹಣ ಕಟ್ಟಲೇಬೇಡಿ.

ನೋಟಿಸ್ ತಲುಪಿದ ದಿನ ಬಿಟ್ಟು 30 ದಿನ ಎಣಿಸಿ. ಇವರಿಗೆ 2025ರ ಮಾರ್ಚ್ 18ರಂದು ಇಮೇಲಿನಲ್ಲಿ ಬಂದಿತ್ತು. ಅಂದರೆ ಏಪ್ರಿಲ್ 17 ಕೊನೆಯ ದಿನ. ಹಣ ಕಟ್ಟಲೂ ಅದೇ ಗಡುವು, ಅಪೀಲು ಹಾಕಲೂ ಅದೇ ಗಡುವು. ನಾನಂತೂ ಈ ತಾರೀಕನ್ನು ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆಸುತ್ತೇನೆ.

ಇನ್ನೊಂದು ಮಾತು. ಕೆಳಗೆ ಬರುವ ಕಲಂ ನಂಬರುಗಳು 1961ರ ಕಾಯ್ದೆಯವು. 2025ರ ಹೊಸ ಕಾಯ್ದೆಯಲ್ಲಿ ನಂಬರ್ ಬೇರೆ. ನಿಮ್ಮ ನೋಟಿಸಿನಲ್ಲಿ ಯಾವ ಕಾಯ್ದೆ, ಯಾವ ಕಲಂ ಅಂತ ಅಚ್ಚಾಗಿದೆಯೋ ಅದನ್ನೇ ಬಳಸಿ.

ಎರಡನೆಯದು: ಯಾವುದು ಕಣ್ತಪ್ಪು, ಯಾವುದು ತಕರಾರು

ಆ 5,33,200 ಎಲ್ಲಿಂದ ಬಂತು ಅಂತ ಬಿಡಿಸಿ ನೋಡೋಣ. ಇವರು 2022-23ರಲ್ಲಿ ಚಾಲಿ ಅಡಿಕೆ ಮಾರಿದ ನಗದನ್ನು ಮೂರು ಸಲ ಬ್ಯಾಂಕಿಗೆ ಕಟ್ಟಿದ್ದರು: 1,80,000, 1,70,000, 1,50,000. ಒಟ್ಟು 5 ಲಕ್ಷ. ಅಧಿಕಾರಿ ಇದನ್ನು ಮೂಲ ಗೊತ್ತಿಲ್ಲದ ಹಣ ಎಂದು 69ಎ ಕಲಂನಲ್ಲಿ ಸೇರಿಸಿದ್ದರು. ಆ ವರ್ಷಕ್ಕೆ ಅದರ ತೆರಿಗೆ ದರವೇ 60 ಶೇಕಡಾ. ತೆರಿಗೆಯ ಮೇಲೆ 25 ಶೇಕಡಾ ಸರ್‌ಚಾರ್ಜ್, ಅದೆಲ್ಲದರ ಮೇಲೆ 4 ಶೇಕಡಾ ಸೆಸ್. ಎಲ್ಲ ಸೇರಿ 78 ಶೇಕಡಾ. ಐದು ಲಕ್ಷಕ್ಕೆ 3,90,000.

ಇದರ ಜೊತೆ ಠೇವಣಿ ಬಡ್ಡಿ ಮತ್ತು ಇತರ ಆದಾಯಕ್ಕೆ ಅವರೇ ರಿಟರ್ನಿನಲ್ಲಿ ತೋರಿಸಿದ್ದ ತೆರಿಗೆ 40,000. ಅಷ್ಟನ್ನೂ ಬ್ಯಾಂಕು ಟಿಡಿಎಸ್ ಹಿಡಿದಿತ್ತು, ಅವರ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್‌ನಲ್ಲಿ ಕಾಣುತ್ತಲೂ ಇತ್ತು. ಆದರೆ ಆದೇಶದ ಲೆಕ್ಕದ ಹಾಳೆಯಲ್ಲಿ ಟಿಡಿಎಸ್ ಎದುರು ಸೊನ್ನೆ! ಹೀಗೆ 4,30,000 ಆಯಿತು. ಅದರ ಮೇಲೆ ತಿಂಗಳಿಗೆ 1 ಶೇಕಡಾದಂತೆ 24 ತಿಂಗಳ ಬಡ್ಡಿ 1,03,200.

ಟಿಡಿಎಸ್ ಬಿಟ್ಟುಹೋಗಿದ್ದು ದಾಖಲೆ ನೋಡಿದ ಕೂಡಲೇ ಕಾಣುವ ತಪ್ಪು. ಅದು 154ರ ತಿದ್ದುಪಡಿಗೆ ಹೋಗಬೇಕು. ಅಡಿಕೆ ಹಣ ಹೌದೋ ಅಲ್ಲವೋ ಎಂಬುದು ವಾದದ ವಿಷಯ. ಅದು ಅಪೀಲಿಗೆ ಹೋಗಬೇಕು. ಇವರು ತಿದ್ದುಪಡಿ ಅರ್ಜಿಯಲ್ಲಿ ಅಡಿಕೆ ಕಥೆಯನ್ನೇ ಎರಡು ಪುಟ ಬರೆದು, ಟಿಡಿಎಸ್ ವಿಷಯ ಕೊನೆಗೆ ಒಂದು ಸಾಲು ಹಾಕಿದ್ದರು. ಇಂಥ ಅರ್ಜಿ ಪೂರ್ತಿಯಾಗಿ ವಜಾ ಆಗುವುದೇ ಜಾಸ್ತಿ.

ಅರ್ಜಿಯನ್ನು ಅರ್ಧ ಪುಟಕ್ಕೆ ಇಳಿಸಿದೆವು. ಯಾವ ಆದೇಶ, ಯಾವ ಸಾಲಿನಲ್ಲಿ ತಪ್ಪು, ಎಷ್ಟು ಆಗಬೇಕಿತ್ತು, ಜೊತೆಗೆ 26ಎಎಸ್ ಪ್ರತಿ. ಅಷ್ಟೇ. ಜಾಲತಾಣದ `Services` ಅಡಿಯಲ್ಲಿ `Rectification` ಇದೆ. ರಿಟರ್ನುಗಳನ್ನು ಪರಿಶೀಲಿಸುವ ಬೆಂಗಳೂರಿನ ಕೇಂದ್ರ ಸಿಪಿಸಿಯಿಂದ ಬಂದ 143(1) ಸೂಚನೆಗೆ ಅಲ್ಲೇ ಅರ್ಜಿ ಹಾಕಬಹುದು. ಅಧಿಕಾರಿ ಮಾಡಿದ ಆದೇಶವಾದರೆ ನಿಮ್ಮ ವ್ಯಾಪ್ತಿಯ ಅಧಿಕಾರಿಗೇ ಬರೆಯಬೇಕು. ತಿದ್ದುಪಡಿಗೆ ಆದೇಶವಾದ ಆರ್ಥಿಕ ವರ್ಷ ಮುಗಿದ ಮೇಲೆ 4 ವರ್ಷ ಕಾಲ ಇದೆ. ಆದರೆ ಅದನ್ನು ನಂಬಿ ಅಪೀಲಿನ 30 ದಿನ ಕಳೆದುಕೊಳ್ಳಬೇಡಿ. ತಿದ್ದುಪಡಿ ಬಾಕಿ ಇದೆ ಅಂತ ಅಪೀಲಿನ ಗಡುವು ನಿಲ್ಲುವುದಿಲ್ಲ.

ಟಿಡಿಎಸ್ ಸೇರಿದ ಮೇಲೆ ಇವರ ಬಾಕಿ 3,90,000 ಮತ್ತು ಬಡ್ಡಿ 93,600, ಒಟ್ಟು 4,83,600. ಒಂದೇ ಸಾಲಿನ ತಪ್ಪಿಗೆ 49,600 ವ್ಯತ್ಯಾಸ.

ಮೂರನೆಯದು: ಅಪೀಲು

ಅಪೀಲಿನ ಅರ್ಜಿ ಫಾರ್ಮ್ 35. ಅದನ್ನು ಜಾಲತಾಣದಲ್ಲೇ ತುಂಬುವುದು. ಆದೇಶ, ಡಿಮ್ಯಾಂಡ್ ನೋಟಿಸ್, ಶುಲ್ಕದ ಚಲನ್ ಬೇಕು. ನಿರ್ಧರಿಸಿದ ಆದಾಯ 1 ಲಕ್ಷದವರೆಗೆ 250, 2 ಲಕ್ಷದವರೆಗೆ 500, ಅದಕ್ಕಿಂತ ಮೇಲೆ 1,000 ರೂಪಾಯಿ. ಶುಲ್ಕ ಕಟ್ಟುವಾಗ `Other Receipts (500)` ಆರಿಸಿ. ನೀವೇ ರಿಟರ್ನಿನಲ್ಲಿ ಒಪ್ಪಿಕೊಂಡ ತೆರಿಗೆ ಬಾಕಿ ಇದ್ದರೆ ಅದನ್ನು ಮೊದಲು ಕಟ್ಟಿ. ಇಲ್ಲದಿದ್ದರೆ ಅಪೀಲು ನಿಲ್ಲುವುದಿಲ್ಲ.

ಇಲ್ಲಿ ನಾನು ಹಟ ಹಿಡಿಯುವುದು ಒಂದು ವಿಷಯಕ್ಕೆ. ಇವರ ಬಳಿ ಅಡಿಕೆ ಮಾರಿದ ಬಿಲ್ಲುಗಳಿದ್ದವು, ಆದರೆ ಅಧಿಕಾರಿಗೆ ಕೊಟ್ಟಿದ್ದು ಪಹಣಿ ಮಾತ್ರ. ಬಿಲ್ಲು ಕೇಳಿದ ನೋಟಿಸ್ ಹಳೆಯ ಲೆಕ್ಕಿಗರ ಇಮೇಲಿಗೆ ಹೋಗಿ ಅಲ್ಲೇ ಉಳಿದಿತ್ತು. ಅಪೀಲಿನಲ್ಲಿ ಹೊಸ ದಾಖಲೆ ಸುಮ್ನೆ ಲಗತ್ತಿಸಿದರೆ ಸಾಲದು. ಮೊದಲೇ ಯಾಕೆ ಕೊಡಲಾಗಲಿಲ್ಲ ಎಂದು 46ಎ ನಿಯಮದಡಿ ಕಾರಣ ಬರೆದು, ಸ್ವೀಕರಿಸಬೇಕೆಂದು ಕೇಳಬೇಕು. ಬಿಲ್ಲಿನ ತಾರೀಕು ಒಂದು ಕಡೆ, ಬ್ಯಾಂಕಿಗೆ ಕಟ್ಟಿದ ತಾರೀಕು ಇನ್ನೊಂದು ಕಡೆ ಇಟ್ಟು ಒಂದು ಪಟ್ಟಿ ಮಾಡಿದೆವು. ಬಿಲ್ಲಾದ ವಾರದೊಳಗೆ ಹಣ ಬ್ಯಾಂಕಿಗೆ ಹೋಗಿತ್ತು. ಆ ಪಟ್ಟಿಗಿಂತ ಗಟ್ಟಿ ವಾದ ಬೇರೆ ಇರಲಿಲ್ಲ.

ಇಂಟರ್ನೆಟ್ಟಿನಲ್ಲಿ ಸಿಗುವ ಸಿದ್ಧ 'ಅಪೀಲು ಕಾರಣ'ಗಳನ್ನು ಅಂಟಿಸಬೇಡಿ. ಹಾಗೆ ಅಂಟಿಸಿದ ಅಪೀಲಿನಲ್ಲಿ ಬೇರೆಯವರ ವರ್ಷ, ಬೇರೆಯವರ ಮೊತ್ತ ಉಳಿದಿದ್ದನ್ನು ನೋಡಿದ್ದೇನೆ. ಗಡುವು ದಾಟಿಬಿಟ್ಟಿದ್ದರೆ ವಿಳಂಬಕ್ಕೆ ಸರಿಯಾದ ಕಾರಣ ಬರೆದು ಮನ್ನಿಸಲು ಕೇಳಬಹುದು. ಆದರೆ ಒಪ್ಪುತ್ತಾರೆ ಎಂಬ ಭರವಸೆ ಇಲ್ಲ.

ನಾಲ್ಕನೆಯದು: ವಸೂಲಿಗೆ ತಡೆ

"ಅಪೀಲು ಹಾಕಾಯ್ತಲ್ಲ, ಇನ್ನೆಂತಕ್ಕೆ ಕಟ್ಟೂದು?" ಇದನ್ನು ಕಾರವಾರದಿಂದ ಭಟ್ಕಳದವರೆಗೆ ಎಲ್ಲ ಕಡೆ ಕೇಳಿದ್ದೇನೆ. ಅಪೀಲು ಹಾಕಿದರೆ ವಸೂಲಿ ನಿಲ್ಲುವುದಿಲ್ಲ. ತಡೆ ಕೇಳದೆ ಕೂತರೆ ಇಲಾಖೆ ನಿಮ್ಮ ರಿಫಂಡ್ ಹಿಡಿದುಕೊಳ್ಳಬಹುದು, ಬ್ಯಾಂಕ್ ಖಾತೆಯಿಂದಲೇ ವಸೂಲಿಗೆ ಇಳಿಯಬಹುದು. ಅಡಿಕೆ ಕೊಯ್ಲಿನ ಹೊತ್ತಿಗೆ ಕೂಲಿಯವರಿಗೆ ಕೊಡುವ ಹಣವೇ ಸಿಕ್ಕಿಬಿದ್ದರೆ ಏನು ಮಾಡುತ್ತೀರಿ?

ಜಾಲತಾಣದಲ್ಲಿ `Pending Actions` ಒಳಗೆ `Response to Outstanding Demand` ಇದೆ. ಅಲ್ಲಿ `Demand is correct` ಒತ್ತಿದಿರೋ, ಆಮೇಲೆ ಒಪ್ಪುವುದಿಲ್ಲ ಅನ್ನಲು ಅಲ್ಲಿ ದಾರಿ ಇಲ್ಲ. ಬೇಗ ಮುಗಿಯಲಿ ಅಂತ ಸೈಬರ್ ಸೆಂಟರಿನಲ್ಲಿ ಇದನ್ನೇ ಒತ್ತಿಸಿಕೊಂಡು ಬಂದವರಿದ್ದಾರೆ. ನೀವು `Disagree` ಆರಿಸಿ, ಅಪೀಲು ಹಾಕಿದ್ದೇವೆ ಎಂಬ ಕಾರಣ ಗುರುತಿಸಿ, ಅಪೀಲಿನ ಸ್ವೀಕೃತಿ ಸಂಖ್ಯೆ ಹಾಕಿ.

ಆದರೆ ಇದೂ ತಡೆ ಅಲ್ಲ, ಬರೀ ಉತ್ತರ. ತಡೆ ಕೊಡುವುದು ನಿಮ್ಮ ವ್ಯಾಪ್ತಿಯ ಅಧಿಕಾರಿ, 220(6) ಕಲಂ ಅಡಿಯಲ್ಲಿ. ಆದೇಶ ಮುಖಾಮುಖಿ ಇಲ್ಲದೆ ಆನ್‌ಲೈನಿನಲ್ಲೇ ಕೆಲಸ ಮಾಡುವ ಫೇಸ್‌ಲೆಸ್ ಕೇಂದ್ರದಿಂದ ಬಂದಿದ್ದರೂ ವಸೂಲಿ ಇವರದ್ದೇ. ಜಾಲತಾಣದ `Know Your AO`ದಲ್ಲಿ ಯಾರೆಂದು ಸಿಗುತ್ತದೆ. ಅವರಿಗೆ ಬೇರೆಯೇ ಅರ್ಜಿ ಬರೆಯಬೇಕು, ಅಪೀಲು ದಾಖಲಾದ ಮೇಲೆ. ಇಮೇಲಿನಲ್ಲೂ ಕಳಿಸಿ. ನನ್ನ ಮಾತು ಕೇಳುವುದಾದರೆ ಒಂದು ಪ್ರತಿ ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೇ ಬನ್ನಿ.

ಅರ್ಜಿಯಲ್ಲಿ ಮೂರು ವಿಷಯ ಇರಬೇಕು. ಮೊದಲನೆಯದು, ಅಪೀಲಿನಲ್ಲಿ ಹುರುಳಿದೆ ಎಂದು ತೋರಿಸುವುದು. ಬಿಲ್ಲು ಮತ್ತು ಬ್ಯಾಂಕಿನ ಪಟ್ಟಿ ಇಲ್ಲೂ ಲಗತ್ತಿಸಿ. ಎರಡನೆಯದು, ಕಟ್ಟಲು ಇರುವ ಕಷ್ಟ. "ನಾನು ಬಡವ" ಅಂದರೆ ಯಾರೂ ನೋಡುವುದಿಲ್ಲ. ನಾವು ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸೊಸೈಟಿ ಬೆಳೆಸಾಲದ ಬಾಕಿ ಪತ್ರ, ಮಗಳ ಕಾಲೇಜಿನ ಫೀ ರಸೀದಿ ಇಟ್ಟೆವು. ಮೂರನೆಯದು, ಇಲಾಖೆಯ ಹಣಕ್ಕೆ ಅಪಾಯ ಇಲ್ಲ ಎನ್ನುವುದು. ಜಮೀನು ಇಲ್ಲೇ ಇದೆ, ಪ್ರತಿ ವರ್ಷ ರಿಟರ್ನ್ ಹಾಕುತ್ತಿದ್ದಾರೆ.

ಇನ್ನು, ತಡೆ ಬೇಕಾದರೆ 20 ಶೇಕಡಾ ಕಟ್ಟಬೇಕು ಎನ್ನುವ ಮಾತು. ನೇರ ತೆರಿಗೆ ಮಂಡಳಿ 2016ರ ಫೆಬ್ರುವರಿ 29ರ ಸೂಚನೆಯಲ್ಲಿ, ವಿವಾದದ ಡಿಮ್ಯಾಂಡಿನ 15 ಶೇಕಡಾ ಕಟ್ಟಿದರೆ ಮೊದಲ ಅಪೀಲು ಮುಗಿಯುವವರೆಗೆ ಸಾಮಾನ್ಯವಾಗಿ ತಡೆ ಕೊಡಿ ಎಂದಿತು. 2017ರ ಜುಲೈ 31ರಂದು ಅದನ್ನು 20ಕ್ಕೆ ಏರಿಸಿತು. ಇದು ಕಲ್ಲಿನ ಮೇಲೆ ಬರೆದ ಲೆಕ್ಕ ಅಲ್ಲ. ಅಧಿಕಾರಿಗೆ 20ಕ್ಕಿಂತ ಕಡಿಮೆಗೂ ತಡೆ ಕೊಡುವ ಅಧಿಕಾರ ಇದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಎಲ್‌ಜಿ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಹೇಳಿದೆ. ಕಡಿಮೆಗೆ ಕೇಳುವುದಾದರೆ ಅರ್ಜಿಯಲ್ಲೇ ಕೇಳಿ, ಕಾರಣವನ್ನೂ ಬರೆಯಿರಿ.

ತಿದ್ದುಪಡಿಯನ್ನು ಮೊದಲೇ ಬೇರೆ ಮಾಡಿದ್ದು ಇಲ್ಲಿ ಕೆಲಸಕ್ಕೆ ಬಂತು. ಮೂಲ ಡಿಮ್ಯಾಂಡಿಗೆ 20 ಶೇಕಡಾ ಅಂದರೆ 1,06,640. ಟಿಡಿಎಸ್ ಸೇರಿಸಿದರೆ 96,720. ತಿದ್ದುಪಡಿ ಆದೇಶ ಇನ್ನೂ ಬಂದಿರಲಿಲ್ಲ. ಹಾಗಾಗಿ ಸರಿಯಾದ ಲೆಕ್ಕವನ್ನು ತಡೆ ಅರ್ಜಿಯ ಮೊದಲ ಪುಟದಲ್ಲೇ ಬರೆದು, ಆ ಮೊತ್ತವನ್ನೇ ಕಂತಿನಲ್ಲಿ ಕಟ್ಟಲು ಅವಕಾಶ ಕೇಳಿದೆವು:

"ನನ್ನ ಬಾಕಿ 4,83,600 ಮಾತ್ರ. ಅದರ 20 ಶೇಕಡಾ ಆದ 96,720 ರೂಪಾಯಿಯನ್ನು ನಾಲ್ಕು ತಿಂಗಳ ಕಂತಿನಲ್ಲಿ, ತಲಾ 24,180ರಂತೆ ಕಟ್ಟುತ್ತೇನೆ. ಮೊದಲ ಕಂತು ಕಟ್ಟಿದ ಚಲನ್ ಲಗತ್ತಿಸಿದ್ದೇನೆ. ಅಪೀಲು ತೀರ್ಮಾನವಾಗುವವರೆಗೆ ಉಳಿದ ಮೊತ್ತಕ್ಕೆ ನನ್ನನ್ನು ಸುಸ್ತಿದಾರ ಎಂದು ಪರಿಗಣಿಸಬಾರದೆಂದು ಕೋರುತ್ತೇನೆ."

ಮೊದಲ ಕಂತು ಕಟ್ಟಿಯೇ ಅರ್ಜಿ ಕೊಡುವುದು ನನ್ನ ಪದ್ಧತಿ. ಕೈಯಲ್ಲಿ ಚಲನ್ ಇದ್ದರೆ ಮಾತು ಬೇಗ ಮುಂದೆ ಹೋಗುತ್ತದೆ. ಈ ಹಣ ಕಟ್ಟುವಾಗ `Demand Payment as Regular Assessment Tax (400)` ಆರಿಸಿ, ಡಿಮ್ಯಾಂಡ್ ಸಂಖ್ಯೆ ನಮೂದಿಸಿ. ಮುಂಗಡ ತೆರಿಗೆಯ ಹೆಸರಲ್ಲಿ ಕಟ್ಟಿದರೆ ಹಣ ಹೋಗಿರುತ್ತದೆ, ಡಿಮ್ಯಾಂಡ್ ಹಾಗೇ ನಿಂತಿರುತ್ತದೆ.

"ಎಲ್ಲ ಸೆಟ್ಲ್ ಮಾಡಿಸಿಕೊಡ್ತೇನೆ" ಅಂತ ಹಣ ಕೇಳುವವರನ್ನು ಬಾಗಿಲಲ್ಲೇ ಕಳಿಸಿಬಿಡಿ. ಅವರು ಮಾಡುವುದು ಬರೀ ಕಾಲಹರಣ, ಅಷ್ಟರಲ್ಲಿ ನಿಮ್ಮ 30 ದಿನ ಮುಗಿದಿರುತ್ತದೆ.

ಇವರಿಗೆ ನಾಲ್ಕು ಕಂತಿಗೆ ಒಪ್ಪಿ ಲಿಖಿತ ತಡೆ ಸಿಕ್ಕಿತು. ಅಧಿಕಾರಿ ಒಪ್ಪದಿದ್ದರೆ ಅವರ ಮೇಲಿನ ಪ್ರಿನ್ಸಿಪಲ್ ಕಮಿಷನರ್ ಬಳಿ ಮರುಪರಿಶೀಲನೆಗೆ ಕೇಳಬಹುದು. ಬಾಯಿಮಾತಿನ "ಆಯ್ತು, ಹೋಗಿ" ನಂಬಬೇಡಿ, ಕಾಗದ ಕೇಳಿ. ತಡೆ ಸಿಕ್ಕರೂ ಬಡ್ಡಿ ನಿಲ್ಲುವುದಿಲ್ಲ. ಅಪೀಲು ಸೋತರೆ ಕಟ್ಟದೆ ಉಳಿದ ಮೊತ್ತಕ್ಕೆ ತಿಂಗಳಿಗೆ 1 ಶೇಕಡಾ ಸೇರುತ್ತದೆ. ಗೆದ್ದರೆ ಕಟ್ಟಿದ 96,720 ತಿಂಗಳಿಗೆ ಅರ್ಧ ಶೇಕಡಾ ಬಡ್ಡಿಯೊಂದಿಗೆ ವಾಪಸ್ ಬರುತ್ತದೆ.

ಇಂಥ ಆದೇಶದ ಬೆನ್ನಿಗೇ ದಂಡದ ನೋಟಿಸೂ ಬರುತ್ತದೆ. ಅದಕ್ಕೆ ಪ್ರತ್ಯೇಕ ಉತ್ತರ ಕೊಡಿ: ಅಪೀಲು ಬಾಕಿ ಇದೆ, ಅಲ್ಲಿಯವರೆಗೆ ದಂಡದ ಪ್ರಕ್ರಿಯೆ ತಡೆಹಿಡಿಯಿರಿ, ಫಾರ್ಮ್ 35ರ ಸ್ವೀಕೃತಿ ಲಗತ್ತಿಸಿದೆ. ಇವರು ಅದನ್ನು ಹಳೆಯ ನೋಟಿಸಿನ ಇನ್ನೊಂದು ಪ್ರತಿ ಅಂದುಕೊಂಡು ಫೈಲಿನಲ್ಲಿ ಹಾಗೇ ಇಟ್ಟಿದ್ದರು. ಉತ್ತರದ ಗಡುವಿಗೆ ಎರಡು ದಿನ ಇರುವಾಗ ಕಣ್ಣಿಗೆ ಬಿತ್ತು, ಅಂದೇ ಕಳಿಸಿದೆವು.