ಆಳವಾಗಿ ಸುಟ್ಟ ಕಡೆಯೇ ಬೆಂಕಿ ಹತ್ತಿದ್ದು ಅಂತಲ್ಲ

ಬೆಂಕಿ ಬಿದ್ದಿದ್ದು ಒಂದು ಫರ್ನಿಚರ್ ಗೋಡೌನಿಗೆ. ಇನ್ಶೂರೆನ್ಸ್ ಕ್ಲೇಮ್ 14 ಲಕ್ಷದ ಆಸುಪಾಸು. ನಾನು ಹೋಗುವ ಹೊತ್ತಿಗೆ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು: ಬೆಂಕಿ ಹತ್ತಿದ್ದು ಷಟರ್ ಹತ್ತಿರ, ಹಚ್ಚಿದ್ದು ಮಾಲೀಕ. ಅಲ್ಲಿನ ರ‍್ಯಾಕ್ ಕಂಬಗಳೇ ಎಲ್ಲಕ್ಕಿಂತ ಆಳವಾಗಿ ಕರಕಲಾಗಿದ್ದವು. ಕರಕಲು ದೊಡ್ಡ ದೊಡ್ಡ ಹೊಳೆಯುವ ಚೌಕಗಳಾಗಿ ಬಿರಿದಿತ್ತು. "ಸೀಮೆಎಣ್ಣೆ ಸಾರ್, ನೋಡಿದ್ರೇ ಗೊತ್ತಾಗುತ್ತೆ" ಅಂದರು ಜೊತೆಗಿದ್ದ ಹಿರಿಯ ಸರ್ವೇಯರ್. ಆದರೆ ಬರೀ ಮರ ಉರಿದರೂ ಅಂಥ ಚೌಕಗಳು ಬರುತ್ತವೆ.

ಕರಕಲಿನ ಆಳವನ್ನು ಮೊದಲೆಲ್ಲ ಚಾಕು, ಸ್ಕ್ರೂಡ್ರೈವರ್ ಚುಚ್ಚಿ ಅಳೆಯುತ್ತಿದ್ದೆವು. ಒಬ್ಬೊಬ್ಬರ ಕೈಗೆ ಒಂದೊಂದು ಅಳತೆ. ಚೂಪು ತುದಿ ಕರಕಲು ದಾಟಿ ಒಳಗಿನ ಒಳ್ಳೆಯ ಮರಕ್ಕೂ ಇಳಿಯುತ್ತದೆ. ಈಗ ನಾನು ಬಳಸುವುದು ಟೈರ್ ಸವೆತ ನೋಡುವ ಗೇಜ್. 200 ರೂಪಾಯಿ ಇರಬಹುದು, ತುದಿ ಮೊಂಡು. ಒಬ್ಬನೇ ಅಳೆಯಬೇಕು, ಒತ್ತಡ ಒಂದೇ ಇರಬೇಕು, ಬಿರುಕಿನೊಳಗೆ ಇಳಿಸಬಾರದು. ಉರಿದು ಹೋದ ಮರವನ್ನೂ ಕೂಡಿಸಬೇಕು. ಅಲ್ಲಿ ಉಳಿದಿದ್ದ ಒಂದು ಸುಡದ ಕಂಬ ನೋಡಿ ಮೂಲ ದಪ್ಪ ಹಿಡಿದೆ.

ಕಂಬಗಳೆಲ್ಲ ಸಿಲ್ವರ್ ಓಕ್ ಆಗಿದ್ದು ಅನುಕೂಲವಾಯಿತು. ಹಿತ್ತಿಲಲ್ಲಿ ಒಮ್ಮೆ ತೇಗ, ಹಲಸು, ಸಿಲ್ವರ್ ಓಕ್ ತುಂಡುಗಳನ್ನು ಒಂದೇ ಬೆಂಕಿಯಲ್ಲಿ ಸುಟ್ಟು ನೋಡಿದ್ದೆ. ಒಂದರ ಆಳ ಇನ್ನೊಂದಕ್ಕೆ ತಾಳೆಯಾಗಲಿಲ್ಲ. ಹಾಗಾಗಿ 'ಒಂದು ಇಂಚಿಗೆ 45 ನಿಮಿಷ' ಅನ್ನುವ ಹಳೇ ಲೆಕ್ಕವನ್ನು ನಾನು ಮುಟ್ಟುವುದಿಲ್ಲ. ಆಳದಿಂದ ಹೊತ್ತು ಹೇಳೋಕಾಗಲ್ಲ. ಒಂದೇ ಜಾತಿಯ ಮರ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಸುಟ್ಟಿದೆ ಅಂತ ಹೋಲಿಸಬಹುದು, ಅಷ್ಟೇ.

ನಕ್ಷೆ ಬರೆದು ಅಳತೆ ತುಂಬಿಸಿದೆ. ಷಟರ್ ಬಳಿ 25 ಮಿಲಿಮೀಟರ್‌ವರೆಗೆ, ನಡುವೆ 13-14, ಹಿಂದಿನ ಬಲ ಮೂಲೆಯಲ್ಲಿ ಮತ್ತೆ 18ರ ಹತ್ತಿರ. ಷಟರ್ ಎತ್ತಿದಾಗ ಇಡೀ ಗೋಡೌನ್ ಉರಿಯುತ್ತಿತ್ತು. ಗಾಳಿ ನುಗ್ಗಿದ್ದು ಅಲ್ಲಿಂದಲೇ, ಹಾಗಾಗಿ ಅಲ್ಲಿ ಜೋರಾಗಿ ಉರಿದಿದೆ. ಆದರೆ ಆ ಮೂಲೆಗೆ ಕಿಟಕಿಯೂ ಇಲ್ಲ, ಗಾಳಿಯೂ ಇಲ್ಲ. ಮತ್ತೆ ಅಲ್ಲೇಕೆ ಇಷ್ಟು ಆಳ?

ಆಗ ಕಂಬಗಳ ನಾಲ್ಕೂ ಮುಖ ಬೇರೆ ಬೇರೆ ಅಳೆದೆ. ನಡುವಿನ ಸಾಲಿನಲ್ಲಿ ಮೂಲೆಯ ಕಡೆಗಿದ್ದ ಮುಖವೇ ಜಾಸ್ತಿ ಸುಟ್ಟಿತ್ತು, ಷಟರ್ ಕಡೆಯ ಮುಖ ಕಡಿಮೆ. ಮೂಲೆಯ ಗೋಡೆ ಮೇಲೆ ಬೆಂಕಿ ಕೆಳಗಿಂದ ಮೇಲೇರುತ್ತ ಅಗಲವಾದ ವಿ ಆಕಾರದ ಗುರುತು, ಅದರ ಕೆಳತುದಿ ಮೊಣಕಾಲೆತ್ತರದ ಸ್ವಿಚ್‌ಬೋರ್ಡಿನ ಹತ್ತಿರ. ಪ್ಲಾಸ್ಟರ್ ಅರ್ಧ ಉದುರಿತ್ತು. ಅಂಥ ಗೋಡೆಯಲ್ಲಿ ಗುರುತು ಎಬ್ಬಿಸೋಕೆ ನನ್ನದೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. ಆ ಬೋರ್ಡಿಗೆ ಬರುವ ಲೈನಿನ ತಾಮ್ರದ ತಂತಿ ಶಾರ್ಟ್ ಆಗಿ ಕರಗಿ ಮಣಿ ಕಟ್ಟಿದ್ದು ಬೋರ್ಡಿನ ಹತ್ತಿರ ಮಾತ್ರ, ಮೇನ್ ಕಡೆ ಒಂದೂ ಇಲ್ಲ. ಮೇನ್ ಕಡೆ ಮೊದಲು ತುಂಡಾಗಿದ್ದರೆ ಬೋರ್ಡಿಗೆ ಕರೆಂಟೇ ಬರುತ್ತಿರಲಿಲ್ಲ, ಅಲ್ವಾ? ಆದರೆ ಬೆಂಕಿ ತಗುಲಿಯೂ ಮಣಿ ಕಟ್ಟಬಹುದು. ಅದಕ್ಕೇ ವರದಿಯಲ್ಲಿ ಜಾಗ ಖಚಿತ, ಕಾರಣ ಬಹುಶಃ ಬೋರ್ಡ್ ಅಂತ ಬರೆದೆ.

ಷಟರ್ ಬಳಿಯ ನೆಲದ ಮಾದರಿ ಲ್ಯಾಬಿಗೆ ಹೋಯಿತು. ಸೀಮೆಎಣ್ಣೆ ಸಿಗಲಿಲ್ಲ. ಮಾಲೀಕನಿಗೆ 11 ಲಕ್ಷದ ಹತ್ತಿರ ಬಂತು. ನನಗೆ ಸಿಕ್ಕ ಫೀಸು ಹತ್ತು ಸಾವಿರಕ್ಕೂ ಕಡಿಮೆ, ಓಡಾಟದ ಖರ್ಚು ನನ್ನದೇ. ಆ ಹಿರಿಯರು ಈಗ ಟೈರ್ ಗೇಜ್ ಕೊಂಡಿದ್ದಾರೆ.