ಹಲ್ಲು ಕಿತ್ತ ಮೇಲೆ ಹಿರಿಯರ ಕೈಗೆ ಕೊಡುವ ಚೀಟಿ

ಹಲ್ಲು ಕೀಳಿಸಿಕೊಂಡವರಿಗೆ ಕೊಡುವ ಮಾಮೂಲಿ ಚೀಟಿಯಲ್ಲಿ "ಉಗುಳಬೇಡಿ" ಅನ್ನುವುದು ಎಲ್ಲೋ ಕೆಳಗಡೆ ಇರುತ್ತದೆ. ವಯಸ್ಸಾದವರಿಗೆಂದು ನಾನು ಬೇರೆ ಚೀಟಿ ಬರೆದಾಗ ಅದನ್ನೇ ಮೊದಲ ಸಾಲು ಮಾಡಿದೆ.

ಕಾರಣ ಇದೆ. ಹಲ್ಲು ಕಿತ್ತ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು. ಗಾಯಕ್ಕೆ ಅದೇ ಮುಚ್ಚಳ. ಜೋರಾಗಿ ಉಗುಳಿದರೆ, ಬಾಯಿ ಮುಕ್ಕಳಿಸಿದರೆ, ಸ್ಟ್ರಾದಲ್ಲಿ ಹೀರಿದರೆ ಅದು ಕಿತ್ತುಬರುತ್ತದೆ. ಒಂದು ಹನಿ ರಕ್ತ ಎಂಜಲಿಗೆ ಸೇರಿದರೂ ಬಾಯಿ ತುಂಬ ರಕ್ತ ಇದ್ದ ಹಾಗೆ ಕಾಣುತ್ತದೆ. ಹಿರಿಯರು ಹೆದರಿ ಉಗುಳುತ್ತಾರೆ, ಉಗುಳಿದ್ದಕ್ಕೆ ಇನ್ನಷ್ಟು ಬರುತ್ತದೆ. ಹಾಗಾಗಿ ಹೀಗೆ ಬರೆದೆ: "ಇವತ್ತು ಎಂಜಲು ಸ್ವಲ್ಪ ಕೆಂಪಾಗಿರುತ್ತದೆ. ಉಗುಳಬೇಡಿ, ನುಂಗಿಬಿಡಿ."

ಎರಡನೇ ಸಾಲಿನಲ್ಲಿ ಒಂದು ಖಾಲಿ ಜಾಗ. "ಹತ್ತಿಯನ್ನು ____ ಗಂಟೆಗೆ ತೆಗೆಯಿರಿ." ಗಾಯದ ಮೇಲೆ ಕಚ್ಚಿ ಹಿಡಿದ ಹತ್ತಿಯನ್ನು ಅರ್ಧ ಗಂಟೆ ಬಿಟ್ಟು ತೆಗೆಯಿರಿ ಅಂದರೆ, ಯಾವಾಗಿನಿಂದ ಅಂತ ಮರೆತುಹೋಗುತ್ತದೆ ಅಲ್ವಾ? ಗಡಿಯಾರ ನೋಡಿ ನಾನೇ 11.40 ಎಂದು ಬರೆದುಕೊಡುತ್ತೇನೆ. ಬಾಯಲ್ಲಿ ಹತ್ತಿ ಇಟ್ಟುಕೊಂಡು ಮಲಗಬಾರದು ಎಂಬುದೂ ಅಲ್ಲೇ ಇದೆ.

ಆಮೇಲೆ ಚೌಕದೊಳಗೆ, ದಪ್ಪ ಅಕ್ಷರದಲ್ಲಿ: "ಮತ್ತೆ ರಕ್ತ ಬಂದರೆ ನೆಟ್ಟಗೆ ಕುಳಿತುಕೊಳ್ಳಿ. ಶುಭ್ರವಾದ ಬಟ್ಟೆಯನ್ನು ಮಡಚಿ, ಒದ್ದೆ ಮಾಡಿ, ಕುಳಿಯ ಮೇಲಿಟ್ಟು ಅರ್ಧ ಗಂಟೆ ಕಚ್ಚಿ ಹಿಡಿಯಿರಿ. ಮಧ್ಯೆ ತೆಗೆದು ನೋಡಬೇಡಿ. ಆಮೇಲೂ ನಿಲ್ಲದಿದ್ದರೆ ಫೋನ್ ಮಾಡಿ." ಕೆಳಗೆ ನಂಬರ್.

ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದ ಒಬ್ಬ ಅಜ್ಜನ ಮಗಳು ರಾತ್ರಿ ಫೋನ್ ಮಾಡಿದ್ದರು. ಹತ್ತಿ ಎಷ್ಟು ಬದಲಾಯಿಸಿದರೂ ರಕ್ತ ನಿಲ್ಲುತ್ತಿಲ್ಲ ಎಂದರು. ವಿಚಾರಿಸಿದರೆ, ಐದೈದು ನಿಮಿಷಕ್ಕೊಮ್ಮೆ ತೆಗೆದು ನೋಡುತ್ತಿದ್ದರಂತೆ. ಹತ್ತಿಯ ಜೊತೆ ಹೆಪ್ಪೂ ಎದ್ದುಬರುತ್ತಿತ್ತು. ಚೌಕದಲ್ಲಿ ಇದ್ದುದನ್ನೇ ಓದಿಸಿ, ಗಡಿಯಾರ ನೋಡಿಕೊಂಡು ಕೂರಿಸಲು ಹೇಳಿದೆ. ನಿಂತಿತು. ಅಷ್ಟರಲ್ಲಿ ಅವರು ಮರುದಿನದ ಮಾತ್ರೆ ಬೇಡ ಅಂತ ತೀರ್ಮಾನಿಸಿಬಿಟ್ಟಿದ್ದರು! ಬಾಯಿಯ ರಕ್ತವನ್ನು ಒತ್ತಿ ನಿಲ್ಲಿಸಬಹುದು. ಮಾತ್ರೆ ಬಿಟ್ಟು ಹೃದಯದಲ್ಲೋ ಮೆದುಳಲ್ಲೋ ರಕ್ತ ಗಟ್ಟಿಯಾದರೆ ಹಾಗೆ ಸುಲಭವಾಗಿ ಸರಿಮಾಡಲಾಗುವುದಿಲ್ಲ. ಅದಾದ ಮೇಲೆ ಚೌಕದ ಕೆಳಗೆ ಇನ್ನೊಂದು ಸಾಲು ಬಂತು: "ದಿನದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ."

ನೋವಿನ ಮಾತ್ರೆಯ ಹೆಸರು, ಎಷ್ಟು, ಯಾವಾಗ ಎಂಬುದನ್ನು ಅಚ್ಚು ಹಾಕಿಸಿಲ್ಲ, ಕೈಯಲ್ಲೇ ಬರೆಯುತ್ತೇನೆ. ಕಿಡ್ನಿ ತೊಂದರೆ ಇದ್ದವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಐಬುಪ್ರೊಫೆನ್‌ನಂಥದ್ದು ಆಗಿಬರುವುದಿಲ್ಲ. ಅವರಿಗೆ ಹೆಚ್ಚಾಗಿ ಪ್ಯಾರಾಸಿಟಮಾಲ್. ಸಕ್ಕರೆ ಕಾಯಿಲೆಯವರ ಚೀಟಿಯಲ್ಲಿ "ಊಟ ಬಿಡಬೇಡಿ, ಮೆತ್ತಗಿನದು ತಿನ್ನಿ" ಎಂದು ಸೇರಿಸುತ್ತೇನೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಉಪವಾಸ ಇದ್ದರೆ ಸಕ್ಕರೆ ಇಳಿದುಹೋಗಬಹುದು.

ಚೀಟಿಯ ಹಿಂಬದಿ ಮರುದಿನಕ್ಕೆ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಗಳಗಳ ಎನ್ನಿಸುವುದು ಬೇಡ, ಬಾಯಲ್ಲಿ ನಿಧಾನಕ್ಕೆ ಆಡಿಸಿ ಹಾಗೇ ಸುರಿದುಬಿಟ್ಟರೆ ಸಾಕು. ನೋವು ದಿನೇದಿನೇ ಇಳಿಯಬೇಕು. ಮೂರನೇ ದಿನದ ಹೊತ್ತಿಗೆ ಇಳಿಯುವ ಬದಲು ಜಾಸ್ತಿಯಾಗಿ ಕಿವಿಯ ಕಡೆಗೆ ಎಳೆದರೆ, ಬಾಯಿ ವಾಸನೆ ಬಂದರೆ, ಹೆಪ್ಪು ಹೋಗಿರಬಹುದು. ಆಗ ಕಾಯದೆ ಬರಬೇಕು.

ಚೀಟಿ ಕೊಟ್ಟು ಸುಮ್ನೆ ಕಳಿಸುವುದಿಲ್ಲ. "ರಾತ್ರಿ ರಕ್ತ ಬಂದರೆ ಏನು ಮಾಡ್ತೀರಿ?" ಎಂದು ಕೇಳುತ್ತೇನೆ. "ಬಾಯಿ ತೊಳೀತೀನಿ" ಎಂಬ ಉತ್ತರ ಬಂದರೆ, ಚೌಕವನ್ನು ಇನ್ನೊಮ್ಮೆ ಒಟ್ಟಿಗೆ ಓದುತ್ತೇವೆ.